ಸುಸ್ತಿ ಬಡ್ಡಿಯ ಲೆಕ್ಕ: ಸಂಘದ ಖಜಾಂಚಿಗೊಂದು ಟಿಪ್ಪಣಿ

ವಸತಿ ಸಮುಚ್ಚಯದ ಸಂಘವೊಂದರ ಖಜಾಂಚಿಯಾಗಿ ತಾವು ಈಚೆಗೆ ಅಧಿಕಾರ ವಹಿಸಿಕೊಂಡಿದ್ದೀರಿ ಎಂದಿಟ್ಟುಕೊಳ್ಳೋಣ. ಹಿಂದಿನವರು ಒಪ್ಪಿಸಿದ ಕಡತಗಳ ನಡುವೆ ನಿರ್ವಹಣಾ ಶುಲ್ಕದ ನಿಯಮವೊಂದು ಹೀಗಿದೆ: ‘ವಾಯಿದೆಯೊಳಗೆ ಶುಲ್ಕ ಸಲ್ಲಿಸದ ಸದಸ್ಯರಿಗೆ 30 ದಿನಗಳವರೆಗೆ ಶೇ. 12, 31ರಿಂದ 90 ದಿನಗಳವರೆಗೆ ಶೇ. 15, 90 ದಿನ ಮೀರಿದಲ್ಲಿ ಶೇ. 18ರ ಬಡ್ಡಿ ವಿಧಿಸಲಾಗುವುದು.’ ಓದಲು ಸರಳವಾದ ಈ ವಾಕ್ಯದಿಂದ ಇಬ್ಬರು ಪ್ರಾಮಾಣಿಕರು ಎರಡು ಬೇರೆ ಬೇರೆ ಮೊತ್ತಗಳನ್ನು ಹೊರಡಿಸಬಲ್ಲರು. ಆ ಇಬ್ಬರಲ್ಲಿ ಒಬ್ಬರು ಖಜಾಂಚಿಯಾಗಿದ್ದು ಇನ್ನೊಬ್ಬರು ಬಾಕಿದಾರರಾಗಿದ್ದರೆ ಸರ್ವಸದಸ್ಯರ ಸಭೆಯಲ್ಲಿ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಾಕ್ಯದಲ್ಲಿ ಒಂದು ಪದವೇ ಬಿಟ್ಟುಹೋಗಿರುವುದನ್ನು ಮೊದಲು ಗಮನಿಸಿ. ಶೇ. 12 ಎಂದಿದೆಯೇ ಹೊರತು ‘ವಾರ್ಷಿಕ’ ಎಂದಿಲ್ಲ. ವಾರ್ಷಿಕ ಎಂದೇ ಎಲ್ಲರೂ ತಿಳಿದುಕೊಂಡಿರುತ್ತಾರೆ, ಆದರೆ ತಿಳಿವಳಿಕೆ ಬೇರೆ, ಬರವಣಿಗೆ ಬೇರೆ. ನಿಯಮಕ್ಕೆ ತಿದ್ದುಪಡಿ ತರುವ ಅವಕಾಶ ಬಂದಾಗ ‘ವಾರ್ಷಿಕ ಸರಳ ಬಡ್ಡಿ’ ಎಂಬ ಮೂರು ಪದಗಳನ್ನು ತಪ್ಪದೆ ಸೇರಿಸಿರಿ. ಇನ್ನು ಮುಂದೆ ಈ ಟಿಪ್ಪಣಿಯಲ್ಲಿ ದರಗಳೆಲ್ಲ ವಾರ್ಷಿಕವೆಂದೂ ವರ್ಷಕ್ಕೆ 365 ದಿನಗಳೆಂದೂ ಎಣಿಸಲಾಗಿದೆ.

ಒಂದು ನಿಯಮ, ಎರಡು ಓದು

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಒಬ್ಬ ಸದಸ್ಯರ ತ್ರೈಮಾಸಿಕ ಶುಲ್ಕ 18,250 ರೂ. ವಾಯಿದೆ ದಿನ 2025ರ ಏಪ್ರಿಲ್ 15. ಅವರು ಹಣ ಕಟ್ಟಿದ್ದು ಜುಲೈ 24ರಂದು. ಏಪ್ರಿಲ್‌ನಲ್ಲಿ ಉಳಿದ 15 ದಿನ, ಮೇ ತಿಂಗಳ 31, ಜೂನ್‌ನ 30, ಜುಲೈನ 24. ಒಟ್ಟು 100 ದಿನಗಳ ವಿಳಂಬ. ಮೊತ್ತವನ್ನು ಲೆಕ್ಕ ಸುಲಭವಾಗಲೆಂದೇ ಆರಿಸಿಕೊಂಡಿದೆ: 18,250ನ್ನು 365ರಿಂದ ಭಾಗಿಸಿದರೆ ಸರಿಯಾಗಿ 50 ಬರುತ್ತದೆ. ಆದ್ದರಿಂದ ಶೇ. 12ರ ದರದಲ್ಲಿ ದಿನಕ್ಕೆ 6 ರೂ., ಶೇ. 15ರಲ್ಲಿ 7.50 ರೂ., ಶೇ. 18ರಲ್ಲಿ 9 ರೂ. ಬಡ್ಡಿಯಾಗುತ್ತದೆ.

ಮೊದಲನೆಯ ಓದಿನ ಪ್ರಕಾರ ಆಯಾ ದರ ಆಯಾ ದಿನಗಳಿಗೆ ಮಾತ್ರ ಅನ್ವಯಿಸುತ್ತದೆ. ಮೊದಲ 30 ದಿನಗಳಿಗೆ ದಿನಕ್ಕೆ 6 ರೂಪಾಯಿಯಂತೆ 180 ರೂ., ಮುಂದಿನ 60 ದಿನಗಳಿಗೆ ಏಳೂವರೆಯಂತೆ 450 ರೂ., ಕೊನೆಯ 10 ದಿನಗಳಿಗೆ ಒಂಬತ್ತರಂತೆ 90 ರೂ. ಒಟ್ಟು 720 ರೂ. ಇದನ್ನು ಹಂತವಾರು ಲೆಕ್ಕ ಎನ್ನೋಣ. ಆದಾಯ ತೆರಿಗೆಯ ಶ್ರೇಣಿಗಳೂ ಹೀಗೆಯೇ ಕೆಲಸ ಮಾಡುತ್ತವೆ. ಮೇಲಿನ ಶ್ರೇಣಿಗೆ ಏರಿದವರು ಆ ಶ್ರೇಣಿಯೊಳಗೆ ಬಂದ ಭಾಗಕ್ಕೆ ಮಾತ್ರ ಹೆಚ್ಚಿನ ದರ ತೆರುತ್ತಾರೆ.

ಎರಡನೆಯ ಓದು ಹೀಗೆ: ಸದಸ್ಯರು 90 ದಿನ ಮೀರಿದ್ದಾರೆ, ಆದ್ದರಿಂದ ಅವರಿಗೆ ದರ ಶೇ. 18. ನೂರು ದಿನಗಳಿಗೂ ಒಂಬತ್ತರಂತೆ 900 ರೂ. ಇದನ್ನು ಇಡೀ ಅವಧಿಯ ಲೆಕ್ಕ ಎನ್ನಬಹುದು. ಎರಡರ ನಡುವಿನ ಅಂತರ 180 ರೂ. ಒಬ್ಬ ಸದಸ್ಯರ ಒಂದು ಬಿಲ್ಲಿಗೆ ಇದು ದೊಡ್ಡ ಮೊತ್ತವಲ್ಲ ಎನಿಸಬಹುದು. ಆದರೆ ಈ ಎರಡನೆಯ ವಿಧಾನದ ನಿಜವಾದ ತೊಂದರೆ ನೂರನೆಯ ದಿನದಲ್ಲಿಲ್ಲ, ತೊಂಬತ್ತೊಂದನೆಯ ದಿನದಲ್ಲಿದೆ.

ಇಡೀ ಅವಧಿಯ ಲೆಕ್ಕದಲ್ಲಿ 90ನೆಯ ದಿನ ಹಣ ಕಟ್ಟಿದವರ ಬಡ್ಡಿ 90 ದಿನಕ್ಕೆ ಏಳೂವರೆಯಂತೆ 675 ರೂ. ಮರುದಿನ ಕಟ್ಟಿದವರದು 91 ದಿನಕ್ಕೆ ಒಂಬತ್ತರಂತೆ 819 ರೂ. ಒಂದು ರಾತ್ರಿ ಕಳೆದುದಕ್ಕೆ 144 ರೂ. ದಂಡ! ಹಂತವಾರು ಲೆಕ್ಕದಲ್ಲಿ ಅದೇ ಎರಡು ದಿನಗಳ ಮೊತ್ತ 630 ಮತ್ತು 639. ಒಂದು ದಿನಕ್ಕೆ ಒಂದು ದಿನದ ಬಡ್ಡಿಯಷ್ಟೇ ಏರುತ್ತದೆ. ಊರಿಗೆ ಹೋಗಿದ್ದವರು, ಆಸ್ಪತ್ರೆಯಲ್ಲಿದ್ದವರು, ಬ್ಯಾಂಕ್ ರಜೆಯಿಂದಾಗಿ ಹಣ ಒಂದು ದಿನ ತಡವಾಗಿ ಜಮಾ ಆದವರು, ಇವರೆಲ್ಲ ಖಜಾಂಚಿಯ ಮನೆ ಬಾಗಿಲಿಗೆ ಬರುವುದು ಈ 144 ರೂಪಾಯಿಯ ಸಲುವಾಗಿಯೇ. ಅವರ ದೂರಿನಲ್ಲಿ ನ್ಯಾಯವಿಲ್ಲವೆಂದು ಹೇಳುವುದು ಕಷ್ಟ.

ಕಾನೂನಿನ ನೆಲೆಯಲ್ಲಿಯೂ ಇದಕ್ಕೊಂದು ಮಗ್ಗುಲಿದೆ. ಸಂಘದ ಉಪವಿಧಿಗಳು ಸಂಘಕ್ಕೂ ಸದಸ್ಯರಿಗೂ ನಡುವಣ ಕರಾರಿನಂತಿರುತ್ತವೆ. 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಕಲಮು ಕರಾರು ಮುರಿದಾಗ ಮೊದಲೇ ನಮೂದಿಸಿದ ದಂಡ ಎಷ್ಟೇ ಇದ್ದರೂ ಅದರ ಮಿತಿಯೊಳಗೆ ಸಮಂಜಸ ಪರಿಹಾರಕ್ಕಷ್ಟೇ ಅವಕಾಶ ಕೊಡುತ್ತದೆ. ಸುಸ್ತಿಯಾದ ದಿನದಿಂದ ಹೆಚ್ಚಿನ ಬಡ್ಡಿ ವಿಧಿಸುವ ಷರತ್ತು ದಂಡದ ಸ್ವರೂಪದ್ದಾಗಿರಬಹುದು ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಏರುವ ದರವೆಲ್ಲ ಅಕ್ರಮವೆಂದು ಇದರ ಅರ್ಥವಲ್ಲ. ಆದರೆ ಏರಿದ ದರವನ್ನು ಹಿಂದಕ್ಕೆ ಒಯ್ದು, ಆಗಲೇ ಕಳೆದುಹೋದ ದಿನಗಳಿಗೂ ಹಚ್ಚುವ ಲೆಕ್ಕವನ್ನು ‘ಇದು ದಂಡವಲ್ಲ, ತಡವಾದುದಕ್ಕೆ ಪರಿಹಾರ’ ಎಂದು ಸಮರ್ಥಿಸಿಕೊಳ್ಳುವುದು ಹಂತವಾರು ಲೆಕ್ಕವನ್ನು ಸಮರ್ಥಿಸಿಕೊಳ್ಳುವುದಕ್ಕಿಂತ ಬಹಳ ಕಷ್ಟ. ನಿಯಮ ಅಸ್ಪಷ್ಟವಾಗಿದ್ದಾಗ ಹಂತವಾರು ಓದನ್ನೇ ಹಿಡಿಯಿರಿ ಎಂಬುದು ಈ ಲೇಖಕನ ಖಚಿತ ಸಲಹೆ. ಆ ಓದನ್ನು ಕಾರ್ಯಕಾರಿ ಸಮಿತಿಯ ಠರಾವಿನಲ್ಲಿ ಬರೆಸಿಡಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಿಯಮದ ಭಾಷೆಯನ್ನೇ ತಿದ್ದಿಸಿರಿ. ‘ವಿಳಂಬದ 1ರಿಂದ 30ನೆಯ ದಿನಗಳಿಗೆ’, ‘31ರಿಂದ 90ನೆಯ ದಿನಗಳಿಗೆ’, ‘91ನೆಯ ದಿನದಿಂದ ಮುಂದಿನ ದಿನಗಳಿಗೆ’ ಎಂದು ಬರೆದರೆ ಎರಡನೆಯ ಓದಿಗೆ ಆಸ್ಪದವಿರುವುದಿಲ್ಲ. ‘ಒಂದು ತಿಂಗಳು’, ‘ಮೂರು ತಿಂಗಳು’ ಎಂಬ ಪದಗಳೂ ಬೇಡ. ಜನವರಿ 15ರಿಂದ ಫೆಬ್ರವರಿ 15ಕ್ಕೆ 31 ದಿನ, ಏಪ್ರಿಲ್ 15ರಿಂದ ಮೇ 15ಕ್ಕೆ 30 ದಿನ.

ದಿನ ಎಣಿಸುವ ಬಗೆ

ನೂರು ದಿನವೋ ನೂರೊಂದೋ ಎಂಬ ಜಗಳ ಪ್ರತಿ ಸಂಘದಲ್ಲಿಯೂ ಒಮ್ಮೆಯಾದರೂ ನಡೆಯುತ್ತದೆ. ವಾಯಿದೆ ದಿನದಂದು ರಾತ್ರಿಯವರೆಗೂ ಹಣ ಕಟ್ಟುವ ಹಕ್ಕು ಸದಸ್ಯರಿಗಿದೆ. ಆದ್ದರಿಂದ ಆ ದಿನ ವಿಳಂಬದಲ್ಲಿ ಸೇರದು. ಮೊದಲ ಸುಸ್ತಿ ದಿನ ಏಪ್ರಿಲ್ 16. ಹಣ ಬಂದ ದಿನವನ್ನು ಲೆಕ್ಕಕ್ಕೆ ಸೇರಿಸಲಾಗುತ್ತದೆ. ಹೀಗೆ ಒಂದು ತುದಿ ಬಿಟ್ಟು ಒಂದು ತುದಿ ಹಿಡಿದರೆ ಎರಡು ತಾರೀಖುಗಳ ವ್ಯತ್ಯಾಸವೇ ವಿಳಂಬದ ದಿನಗಳಾಗುತ್ತವೆ. ಎಕ್ಸೆಲ್ ಕೂಡ ತಾರೀಖಿನಿಂದ ತಾರೀಖು ಕಳೆದಾಗ ಇದನ್ನೇ ಕೊಡುತ್ತದೆ. ಅದಕ್ಕೆ ಒಂದನ್ನು ಕೂಡಿಸಿದ್ದು ಕಂಡುಬಂದರೆ ಹಿಂದಿನವರು ವಾಯಿದೆ ದಿನಕ್ಕೂ ಬಡ್ಡಿ ಹಾಕುತ್ತಿದ್ದರೆಂದು ತಿಳಿಯಿರಿ.

ಹಣ ಬಂದ ದಿನ ಯಾವುದು ಎಂಬುದನ್ನೂ ಒಮ್ಮೆ ನಿಶ್ಚಯಿಸಿಬಿಡಬೇಕು. ಸಂಘದ ಖಾತೆಗೆ ಹಣ ಜಮಾ ಆದ ದಿನ ಎಂಬುದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವ ಸಾಕ್ಷ್ಯ. ಚೆಕ್ಕಿನ ವಿಷಯದಲ್ಲಿ ಮಾತ್ರ ಸ್ವಲ್ಪ ಉದಾರವಾಗಿ, ಕಚೇರಿಗೆ ಚೆಕ್ಕು ತಲುಪಿದ ದಿನವನ್ನೇ ಹಿಡಿದು, ಅದು ತಿರಸ್ಕೃತವಾದರೆ ಪಾವತಿ ನಡೆದೇ ಇಲ್ಲವೆಂದು ಪರಿಗಣಿಸುವುದು ಸೂಕ್ತ. ಕಾವಲುಗಾರರ ಮೇಜಿನ ಮೇಲೆ ಎರಡು ದಿನ ಕುಳಿತ ಚೆಕ್ಕಿಗೆ ಸದಸ್ಯರು ಬಡ್ಡಿ ಕಟ್ಟುವುದು ಯಾರಿಗೂ ಶೋಭೆಯಲ್ಲ.

ಮೂರು ನಲ್ಲಿಗಳ ಸೂತ್ರ

ಹಂತವಾರು ಲೆಕ್ಕವನ್ನು ಎಕ್ಸೆಲ್ ಹಾಳೆಗೆ ಇಳಿಸುವಾಗ ಬಹುತೇಕರು ಒಂದರೊಳಗೊಂದು ಹುದುಗಿದ IF ಸೂತ್ರಗಳನ್ನು ಬರೆಯುತ್ತಾರೆ. ದಿನ 30ಕ್ಕಿಂತ ಕಡಿಮೆಯೇ, 90ಕ್ಕಿಂತ ಕಡಿಮೆಯೇ ಎಂದು ಕೇಳುತ್ತ ಹೋಗುವ ಈ ಬಗೆಯ ಸೂತ್ರದಲ್ಲಿ ‘ಇಡೀ ಅವಧಿಯ ಲೆಕ್ಕ’ ಯಾರ ಗಮನಕ್ಕೂ ಬಾರದೆ ನುಸುಳಿಬಿಡುತ್ತದೆ. ನಿಯಮವನ್ನು ಸರಿಯಾಗಿ ಓದಿಕೊಂಡವರೂ ಹಾಳೆಯಲ್ಲಿ ಎಡವುವುದು ಇಲ್ಲಿಯೇ.

ಇದಕ್ಕಿಂತ ಸುಲಭವಾದ ದಾರಿಯೊಂದಿದೆ. ಒಂದು ತೊಟ್ಟಿಗೆ ಮೂರು ನಲ್ಲಿಗಳಿವೆ ಎಂದು ಭಾವಿಸಿ. ಶೇ. 12ರ ನಲ್ಲಿ ಮೊದಲ ದಿನದಿಂದಲೇ ತೆರೆಯುತ್ತದೆ. 31ನೆಯ ದಿನ ಅದನ್ನು ಮುಚ್ಚುವ ಬದಲು ಪಕ್ಕದಲ್ಲಿ ಶೇ. 3ರ ಇನ್ನೊಂದು ನಲ್ಲಿ ತೆರೆಯುತ್ತದೆ. ಎರಡೂ ಸೇರಿ ಶೇ. 15. 91ನೆಯ ದಿನ ಶೇ. 3ರ ಮೂರನೆಯ ನಲ್ಲಿ. ಮೂರೂ ಸೇರಿ ಶೇ. 18. ಯಾವ ನಲ್ಲಿಯನ್ನೂ ಮುಚ್ಚುವ ಪ್ರಸಂಗವಿಲ್ಲ, ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿಯೊಂದು ನಲ್ಲಿ ಎಷ್ಟು ದಿನ ತೆರೆದಿತ್ತು?

ಹಾಳೆಯಲ್ಲಿ A ಕಾಲಮಿನಲ್ಲಿ ಬಿಲ್ಲಿನ ಸಂಖ್ಯೆ, B ಯಲ್ಲಿ ವಾಯಿದೆ ದಿನ, C ಯಲ್ಲಿ ಹಣ ಬಂದ ದಿನ, F ನಲ್ಲಿ ಆ ದಿನದವರೆಗೆ ಉಳಿದಿದ್ದ ಅಸಲು ಇರಲಿ. D ಯಲ್ಲಿ ದಿನಗಳು, E ಯಲ್ಲಿ ನಲ್ಲಿಗಳ ಒಟ್ಟು ಹರಿವು, G ಯಲ್ಲಿ ಬಡ್ಡಿ ಬರುತ್ತದೆ. ಮೊದಲ ಸಾಲಿನ ಸೂತ್ರಗಳು ಕ್ರಮವಾಗಿ ಹೀಗೆ:

```
D2:  =MAX(0,C2-B2)
E2:  =D2*12%+MAX(0,D2-30)*3%+MAX(0,D2-90)*3%
G2:  =F2*E2/365
```

ನಮ್ಮ ನಿದರ್ಶನದಲ್ಲಿ D ಯ ಬೆಲೆ 100. ಮೊದಲ ನಲ್ಲಿ 100 ದಿನ ಹರಿದು 12, ಎರಡನೆಯದು 70 ದಿನ ಹರಿದು 2.1, ಮೂರನೆಯದು 10 ದಿನ ಹರಿದು 0.3, ಒಟ್ಟು 14.4. ಇದನ್ನು 18,250ರಿಂದ ಗುಣಿಸಿ 365ರಿಂದ ಭಾಗಿಸಿದರೆ ಮೊದಲು ಕೈಯಲ್ಲಿ ಮಾಡಿದ 720 ರೂ. ಬರುತ್ತದೆ. ಕೆಲವೊಮ್ಮೆ E ಕೋಶದಲ್ಲಿ 14.4ರ ಬದಲು 1440% ಎಂದು ಕಾಣಬಹುದು. ಗಾಬರಿ ಬೇಡ, ಕೋಶದ ಸ್ವರೂಪವನ್ನು ಸಾಮಾನ್ಯ ಸಂಖ್ಯೆಗೆ ಬದಲಿಸಿದರಾಯಿತು. MAX ಇರುವುದು ಏಕೆಂದರೆ ವಾಯಿದೆಗೆ ಮುನ್ನವೇ ಕಟ್ಟಿದವರಿಗೆ ದಿನಗಳು ಋಣಸಂಖ್ಯೆಯಾಗಿ, ಸಂಘವೇ ಅವರಿಗೆ ಬಡ್ಡಿ ಕೊಡುವಂತಾಗಬಾರದು.

ಸೂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ನೂರನೆಯ ದಿನ ಸಾಲದು, ಗಡಿಯ ದಿನಗಳನ್ನು ನೋಡಬೇಕು. ಇದೇ ಅಸಲಿಗೆ 30ನೆಯ ದಿನ 180 ರೂ., 31ನೆಯ ದಿನ 187.50, 90ನೆಯ ದಿನ 630, 91ನೆಯ ದಿನ 639 ಬರಬೇಕು. ಹಿಂದಿನವರು ಬಿಟ್ಟುಹೋದ ಹಾಳೆಗೂ, ಸಂಘ ಹಣ ಕೊಟ್ಟು ಬಳಸುತ್ತಿರುವ ತಂತ್ರಾಂಶಕ್ಕೂ ಈ ನಾಲ್ಕು ದಿನಗಳನ್ನು ಕೊಟ್ಟು ನೋಡಿ. 31ನೆಯ ದಿನ 232.50 ಎಂದು ತೋರಿಸಿದರೆ ಅದು ಇಡೀ ಅವಧಿಗೆ ಹೊಸ ದರ ಹಾಕುತ್ತಿದೆ ಎಂದೇ ಅರ್ಥ. ಪೈಸೆಗಳನ್ನು ಪೂರ್ಣಾಂಕಕ್ಕೆ ಇಳಿಸುವುದು ಏನಿದ್ದರೂ ಕೊನೆಯಲ್ಲಿ ಒಂದೇ ಬಾರಿ.

ಸೂತ್ರಕ್ಕಿಂತ ಹೆಚ್ಚು ಕಾಡುವುದು ತಾರೀಖು. ಕಂಪ್ಯೂಟರು ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದುವಂತೆ ಹೊಂದಿಕೊಂಡಿದ್ದರೆ, ನೀವು ಏಪ್ರಿಲ್ 5 ಎಂದುಕೊಂಡು ಒತ್ತಿದ 05/04/2025 ಎಂಬುದು ಮೇ 4 ಆಗಿ ಕೂರುತ್ತದೆ. ಸದಸ್ಯರ ವಿಳಂಬದಲ್ಲಿ 29 ದಿನ ಮಾಯ! ಅದೇ ಯಂತ್ರ 15/04/2025 ಎಂಬುದನ್ನು ತಾರೀಖೆಂದೇ ಗುರುತಿಸದು, ಏಕೆಂದರೆ ಹದಿನೈದನೆಯ ತಿಂಗಳು ಇಲ್ಲ. ಅದನ್ನು ಬರಿಯ ಅಕ್ಷರಗಳೆಂದು ಇಟ್ಟುಕೊಂಡು ಕಳೆಯುವಾಗ ದೋಷ ತೋರಿಸುತ್ತದೆ. ಹೀಗೆ ಒಂದೇ ಕಾಲಮಿನಲ್ಲಿ ಕೆಲವು ತಾರೀಖುಗಳು ಸದ್ದಿಲ್ಲದೆ ತಲೆಕೆಳಗಾಗಿ, ಕೆಲವು ಮಾತ್ರ ಗದ್ದಲ ಮಾಡುತ್ತವೆ. ಗದ್ದಲ ಮಾಡಿದವನ್ನು ತಿದ್ದಿ ಸುಮ್ಮನಾದರೆ ಅಪಾಯ ಅಲ್ಲಿಯೇ ಉಳಿಯಿತು. ಕಾಲಮಿನ ಸ್ವರೂಪವನ್ನು ತಿಂಗಳ ಹೆಸರು ಕಾಣುವಂತೆ ಬದಲಿಸಿ ಒಮ್ಮೆ ಕಣ್ಣಾಡಿಸಿರಿ. ಏಪ್ರಿಲ್ ಇರಬೇಕಾದಲ್ಲಿ ಮೇ ಕಂಡರೆ ಆ ಸಾಲು ತಿರುಗಿದೆ. ಬದಲಾಗದೆ ಎಡಕ್ಕೆ ಒತ್ತಿಕೊಂಡು ನಿಂತದ್ದು ತಾರೀಖೇ ಅಲ್ಲ.

ಭಾಗಶಃ ಪಾವತಿ ಬಂದಾಗ

ಇಲ್ಲಿಯವರೆಗಿನದು ಸುಲಭದ ಲೆಕ್ಕ. ಸದಸ್ಯರು ಎಲ್ಲವನ್ನೂ ಒಂದೇ ಬಾರಿ ಕಟ್ಟುವುದಿಲ್ಲ. ಅದೇ ಬಿಲ್ಲಿಗೆ ಅವರು ಮೇ 25ರಂದು, ಅಂದರೆ 40ನೆಯ ದಿನ, 10,950 ರೂ. ಕಟ್ಟಿ, ಉಳಿದುದನ್ನು 100ನೆಯ ದಿನ ತೀರಿಸಿದರೆನ್ನೋಣ. ಈಗ ಬಡ್ಡಿ ಎಷ್ಟು?

ಮೊದಲ 40 ದಿನ ಇಡೀ 18,250 ರೂ. ಬಾಕಿಯಿತ್ತು. 30 ದಿನಕ್ಕೆ 180, ಮುಂದಿನ 10 ದಿನಕ್ಕೆ 75. ಒಟ್ಟು 255 ರೂ. ಬಂದ ಹಣವನ್ನು ಅಸಲಿಗೆ ಮುರಿದುಕೊಂಡರೆ ಉಳಿದ ಅಸಲು 7,300 ರೂ. ಇದಕ್ಕೆ ಶೇ. 15ರಲ್ಲಿ ದಿನಕ್ಕೆ 3 ರೂ., ಶೇ. 18ರಲ್ಲಿ 3.60 ರೂ. 41ರಿಂದ 90ರವರೆಗಿನ 50 ದಿನಕ್ಕೆ 150 ರೂ., ಕೊನೆಯ 10 ದಿನಕ್ಕೆ 36 ರೂ. ಎರಡೂ ಭಾಗ ಸೇರಿ ಬಡ್ಡಿ 441 ರೂ.

ಈ ಲೆಕ್ಕದಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಒಂದು, ಬಿಲ್ಲು ಪೂರ್ತಿ ತೀರಿದ ದಿನವನ್ನಷ್ಟೇ ನೋಡಿ ಇಡೀ ಮೊತ್ತಕ್ಕೆ ನೂರು ದಿನದ ಬಡ್ಡಿ ಹಾಕುವುದು. ಆಗ ಸದಸ್ಯರ ತಲೆಯ ಮೇಲೆ ಬೀಳುವುದು 720 ರೂ., ಅಂದರೆ ನ್ಯಾಯವಾಗಿ ಬರಬೇಕಾದುದಕ್ಕಿಂತ 279 ರೂ. ಹೆಚ್ಚು. ಒಳ್ಳೆಯ ಮನಸ್ಸಿನಿಂದ ಅರ್ಧಕ್ಕಿಂತ ಹೆಚ್ಚು ಹಣ ಮೊದಲೇ ಕಟ್ಟಿದವರಿಗೇ ಇಂಥ ಶಿಕ್ಷೆ. ಇನ್ನೊಂದು ಇದಕ್ಕೆ ವಿರುದ್ಧವಾದುದು: ಭಾಗಶಃ ಹಣ ಬಂದ ಕೂಡಲೆ ಉಳಿದ ಬಾಕಿಯನ್ನು ಹೊಸ ಬಾಕಿಯೆಂದು ತಿಳಿದು ದಿನಗಳನ್ನು ಮತ್ತೆ ಒಂದರಿಂದ ಎಣಿಸುವುದು. ಆಗ 7,300ಕ್ಕೆ 30 ದಿನ ಶೇ. 12, 30 ದಿನ ಶೇ. 15 ಎಂದಾಗಿ 186ರ ಬದಲು 162 ರೂ. ಬರುತ್ತದೆ. 24 ರೂಪಾಯಿ ಹೋಗಲಿ. ಈ ಪದ್ಧತಿ ತಿಳಿದವರು 29ನೆಯ ದಿನ ನೂರು ರೂಪಾಯಿ ಕಟ್ಟಿ, ಮತ್ತೆ ಇಪ್ಪತ್ತೊಂಬತ್ತು ದಿನಕ್ಕೆ ಇನ್ನೊಂದು ನೂರು ಕಟ್ಟಿ, ವರ್ಷವಿಡೀ ಶೇ. 12ರಲ್ಲಿಯೇ ಇದ್ದುಬಿಡಬಹುದು. ಬಾಕಿಯ ವಯಸ್ಸನ್ನು ನಿರ್ಧರಿಸುವುದು ಬಿಲ್ಲಿನ ವಾಯಿದೆ ದಿನವೇ ಹೊರತು ಕೊನೆಯ ಪಾವತಿಯ ದಿನವಲ್ಲ.

ನಲ್ಲಿಗಳ ಸೂತ್ರ ಇಲ್ಲಿಯೂ ಕೈಹಿಡಿಯುತ್ತದೆ. ಪ್ರತಿ ಪಾವತಿಗೂ ಒಂದು ಸಾಲು ಬರೆಯಿರಿ, ವಾಯಿದೆ ದಿನ ಮಾತ್ರ ಅದೇ ಇರಲಿ. 40ನೆಯ ದಿನದ ಸಾಲಿನಲ್ಲಿ E ಯ ಬೆಲೆ 5.1, 100ನೆಯ ದಿನದ ಸಾಲಿನಲ್ಲಿ 14.4. ನಡುವಿನ ಅವಧಿಯಲ್ಲಿ ಹರಿದದ್ದು ಎರಡರ ವ್ಯತ್ಯಾಸ, 9.3. ಆದ್ದರಿಂದ ಎರಡನೆಯ ಸಾಲಿನ ಬಡ್ಡಿಗೆ ಮಾಡಬೇಕಾದ ಬದಲಾವಣೆ ಇಷ್ಟೇ:

```
G3:  =F3*(E3-E2)/365
```

7,300ನ್ನು 9.3ರಿಂದ ಗುಣಿಸಿ 365ರಿಂದ ಭಾಗಿಸಿದರೆ 186. ಎಷ್ಟು ಕಂತು ಬಂದರೂ ಸೂತ್ರ ಇದೇ. ಬಿಲ್ಲು ಬದಲಾದಾಗ ಮಾತ್ರ ಮೊದಲ ಸಾಲಿನ ಸೂತ್ರಕ್ಕೆ ಮರಳಬೇಕು.

ಬಂದ ಹಣ ಯಾವುದಕ್ಕೆ?

ಮೇಲಿನ ಲೆಕ್ಕದಲ್ಲಿ 10,950 ರೂಪಾಯಿಯನ್ನು ಪೂರ್ತಿ ಅಸಲಿಗೆ ಜಮಾ ಮಾಡಲಾಗಿತ್ತು. ಬ್ಯಾಂಕುಗಳಲ್ಲಿ ಕಾಣುವಂತೆ ಮೊದಲು ಬಡ್ಡಿ, ಆಮೇಲೆ ಅಸಲು ಎಂಬ ಕ್ರಮ ಹಿಡಿದರೆ 255 ರೂ. ಬಡ್ಡಿಗೆ ಹೋಗಿ, ಅಸಲಿನಲ್ಲಿ 7,555 ರೂ. ಉಳಿಯುತ್ತದೆ. ಅದರ ಮೇಲಿನ ಅರವತ್ತು ದಿನಗಳ ಬಡ್ಡಿ 192.50 ರೂ. ಒಟ್ಟು ಬಡ್ಡಿ 441ರ ಬದಲು 447.50. ಎರಡು ಕ್ರಮಗಳ ನಡುವಿನ ಅಂತರ ಆರೂವರೆ ರೂಪಾಯಿ! ಇದಕ್ಕಾಗಿ ಸಭೆಗಳಲ್ಲಿ ಗಂಟೆಗಟ್ಟಲೆ ವಾದ ನಡೆಯುವುದನ್ನು ಕಂಡವರಿಗೆ ಈ ಅಂಕಿ ಸ್ವಲ್ಪ ನಗು ತರಿಸಬಹುದು. ಯಾವ ಕ್ರಮವಾದರೂ ಸರಿ, ಎಲ್ಲ ಸದಸ್ಯರಿಗೂ ಒಂದೇ ಇರಬೇಕು ಮತ್ತು ಬಿಲ್ಲಿನ ಕೆಳಗೆ ಅಚ್ಚಾಗಿರಬೇಕು. ಲೆಕ್ಕ ಅರ್ಥವಾಗಲಿ ಎಂಬ ದೃಷ್ಟಿಯಿಂದ ನೋಡಿದರೆ ಅಸಲಿಗೆ ಮೊದಲು ಮುರಿದುಕೊಳ್ಳುವುದೇ ಸುಲಭ. ಆದರೆ ಆಗ ಬಾಕಿ ಬಡ್ಡಿಯನ್ನು ಬೇರೆ ಕಾಲಮಿನಲ್ಲಿ ಇಟ್ಟುಕೊಂಡು ಮರೆಯದೆ ವಸೂಲು ಮಾಡಬೇಕು.

ಸದಸ್ಯರು ಎರಡು ಬಿಲ್ಲುಗಳನ್ನು ಉಳಿಸಿಕೊಂಡಿದ್ದಾಗ ವಿಷಯ ಇನ್ನಷ್ಟು ಗಂಭೀರ. ಕರಾರು ಅಧಿನಿಯಮದ 59ರಿಂದ 61ರವರೆಗಿನ ಕಲಮುಗಳು ಇದನ್ನು ಕುರಿತೇ ಇವೆ. ಹಣ ಕೊಡುವವರು ಇಂಥ ಬಿಲ್ಲಿಗೆ ಎಂದು ಹೇಳಿಯೇ ಕೊಟ್ಟಿದ್ದರೆ ಮತ್ತು ಸಂಘ ಸ್ವೀಕರಿಸಿದರೆ, ಅದಕ್ಕೇ ಜಮಾ ಮಾಡಬೇಕು. ಏನೂ ಹೇಳದಿದ್ದರೆ, ಸಂದರ್ಭದಿಂದಲೂ ತಿಳಿಯದಿದ್ದರೆ, ಆಯ್ಕೆ ಸಂಘದ್ದು. ಇಬ್ಬರೂ ಸುಮ್ಮನಿದ್ದರೆ ಹಳೆಯ ಬಾಕಿ ಮೊದಲು. ಬ್ಯಾಂಕ್ ವರ್ಗಾವಣೆಯ ಜೊತೆಗೆ ಸದಸ್ಯರು ಬರೆಯುವ ‘ಜುಲೈ ಬಿಲ್’ ಎಂಬ ಎರಡು ಪದಗಳಿಗೆ ಇಷ್ಟು ಬೆಲೆಯಿದೆ. ಅವನ್ನು ಓದದೆ ಹಳೆಯ ಬಾಕಿಗೆ ಜಮಾ ಮಾಡುವುದು ಸಲ್ಲದು.

ಹಳೆಯ ಬಾಕಿ, ಹೊಸ ಬಿಲ್ಲು

ನಮ್ಮ ನಿದರ್ಶನದ ಸದಸ್ಯರಿಗೆ ಜುಲೈ 15ರ ವಾಯಿದೆಯ ಮುಂದಿನ ಬಿಲ್ಲೂ ಇತ್ತು, ಅದೂ 18,250 ರೂ., ಅದನ್ನೂ ಜುಲೈ 24ರಂದೇ ಕಟ್ಟಿದರು ಎನ್ನೋಣ. ಈ ಬಿಲ್ಲು ಸುಸ್ತಿಯಾಗಿ 9 ದಿನವಷ್ಟೇ ಆಗಿದೆ. ಅದರ ಬಡ್ಡಿ ಶೇ. 12ರಲ್ಲಿ 54 ರೂ. ಆದರೆ ಅನೇಕ ಸಂಘಗಳ ಲೆಡ್ಜರಿನಲ್ಲಿ ಸದಸ್ಯರ ಎಲ್ಲ ಬಾಕಿಯೂ ‘ಹಿಂದಿನ ಬಾಕಿ’ ಎಂಬ ಒಂದೇ ಸಾಲಿನಲ್ಲಿ ಕೂಡಿಹೋಗಿರುತ್ತದೆ. ಆ ಸಾಲಿಗೆ 90 ದಿನ ದಾಟಿದೆಯೆಂದು ಎಲ್ಲದಕ್ಕೂ ಶೇ. 18 ಹಾಕಿದರೆ ಒಂಬತ್ತು ದಿನದ ಮಗುವಿಗೆ ತೊಂಬತ್ತು ದಿನದ ವಯಸ್ಸು ಬರೆದಂತೆ. ಬಡ್ಡಿ 81 ರೂ. ಆಗುತ್ತದೆ. ದರ ದಿನಗಳ ಮೇಲೆ ಏರುವಂತಿದ್ದರೆ ಬಾಕಿಯನ್ನು ಬಿಲ್ಲುವಾರು ಇಡಲೇಬೇಕು, ಬೇರೆ ದಾರಿಯಿಲ್ಲ.

ಅದೇ ‘ಹಿಂದಿನ ಬಾಕಿ’ಯ ಸಾಲಿನಲ್ಲಿ ಇನ್ನೊಂದು ಕೇಡು ಅಡಗಿದೆ. ಹಿಂದಿನ ಬಿಲ್ಲಿನಲ್ಲಿ ಹಾಕಿದ ಬಡ್ಡಿಯೂ ಅದರೊಳಗೆ ಸೇರಿ, ಮುಂದಿನ ಬಿಲ್ಲಿನಲ್ಲಿ ಅಸಲಿನ ವೇಷ ಹಾಕಿಕೊಂಡು ಬರುತ್ತದೆ. ನಿಯಮ ಸರಳ ಬಡ್ಡಿ ಎಂದರೂ ಪುಸ್ತಕ ಚಕ್ರಬಡ್ಡಿ ಹಾಕತೊಡಗುತ್ತದೆ. ನಾನು ಲೆಕ್ಕ ನೋಡಿದ ಸಂಘವೊಂದರಲ್ಲಿ ಯಾರೂ ಬೇಕೆಂದು ಹೀಗೆ ಮಾಡಿರಲಿಲ್ಲ. ಕಾಲಮು ಒಂದೇ ಇದ್ದುದರಿಂದ ಬಡ್ಡಿಯನ್ನು ಬರೆಯಲು ಬೇರೆ ಜಾಗ ಇರಲಿಲ್ಲ, ಅಷ್ಟೇ. ಪತ್ತೆ ಮಾಡುವುದು ಸುಲಭ. ಬಹುಕಾಲ ಹಣ ಕಟ್ಟದ ಒಬ್ಬ ಸದಸ್ಯರನ್ನು ಆರಿಸಿ, ಅವರ ಮೂಲ ಬಿಲ್ಲುಗಳನ್ನಷ್ಟೇ ಕೂಡಿಸಿ. ಬಡ್ಡಿ ಹಾಕಿದ ಅಸಲು ಆ ಮೊತ್ತಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವೆಲ್ಲ ಅಸಲಾಗಿ ಬದಲಾದ ಬಡ್ಡಿಯೇ.

ಸಂಘ ಜಿಎಸ್‌ಟಿ ನೋಂದಣಿ ಹೊಂದಿದ್ದು, ಸದಸ್ಯರ ಶುಲ್ಕ ತೆರಿಗೆಗೆ ಒಳಪಟ್ಟಿದ್ದರೆ ಒಂದು ಮಾತು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 15ನೆಯ ಕಲಮಿನಂತೆ ತಡಪಾವತಿಯ ಬಡ್ಡಿಯೂ ಸೇವೆಯ ಮೌಲ್ಯದಲ್ಲಿ ಸೇರುತ್ತದೆ. ಅದರ ಮೇಲೆ ತೆರಿಗೆಯ ಹೊಣೆ ಹುಟ್ಟುವುದು ಬಡ್ಡಿ ಕೈಗೆ ಬಂದ ದಿನ. ಆದ್ದರಿಂದ ಬಡ್ಡಿಯನ್ನು ಬೇರೆ ಕಾಲಮಿನಲ್ಲಿ ಇಡಲು ಇದು ಇನ್ನೊಂದು ಕಾರಣ. ವಿವರಗಳನ್ನು ನಿಮ್ಮ ಲೆಕ್ಕಪರಿಶೋಧಕರಿಂದ ತಿಳಿಯಿರಿ.

ಹಿಂದೆ ತಪ್ಪಾಗಿದ್ದರೆ

ಪರೀಕ್ಷೆಯ ನಾಲ್ಕು ದಿನಗಳನ್ನು ಕೊಟ್ಟು ನೋಡಿದಾಗ ಹಿಂದಿನ ವರ್ಷಗಳಲ್ಲಿ ಇಡೀ ಅವಧಿಗೆ ಮೇಲಿನ ದರ ಹಾಕಿರುವುದು ಕಂಡುಬಂದರೆ, ಖಜಾಂಚಿ ಒಬ್ಬರೇ ಕುಳಿತು ತಿದ್ದುವ ಕೆಲಸಕ್ಕೆ ಕೈಹಾಕಬಾರದು. ಬಡ್ಡಿ ಬಿಡುವ ಅಧಿಕಾರವಾಗಲಿ, ಹಿಂದಿರುಗಿಸುವ ಅಧಿಕಾರವಾಗಲಿ ಅವರೊಬ್ಬರದಲ್ಲ. ಮೊದಲು ಪಟ್ಟಿ ಮಾಡಿ: ಯಾವ ಬಿಲ್ಲು, ಎಷ್ಟು ದಿನ, ಆಗ ಹಾಕಿದ್ದು ಎಷ್ಟು, ಹಂತವಾರು ಬರುವುದು ಎಷ್ಟು. ನಮ್ಮ ಸದಸ್ಯರ ಹೆಸರಿನ ಮುಂದೆ 900, 720, 180 ಎಂಬ ಮೂರು ಅಂಕಿಗಳು ಬರುತ್ತವೆ. ಮೂವತ್ತು ದಿನದೊಳಗೆ ಕಟ್ಟಿದವರಿಗೆ ಎರಡೂ ಲೆಕ್ಕ ಒಂದೇ ಆದ್ದರಿಂದ ಪಟ್ಟಿ ನೀವು ಹೆದರಿದಷ್ಟು ಉದ್ದವಿರುವುದಿಲ್ಲ. ಅದನ್ನು ಸಮಿತಿಯ ಮುಂದಿಟ್ಟು, ಸರ್ವಸದಸ್ಯರ ಸಭೆಯ ಒಪ್ಪಿಗೆ ಪಡೆದು, ಮುಂದಿನ ಬಿಲ್ಲಿನಲ್ಲಿ ‘ಬಡ್ಡಿ ಪರಿಷ್ಕರಣೆಯ ಜಮಾ’ ಎಂಬ ಪ್ರತ್ಯೇಕ ಸಾಲಾಗಿ ತೋರಿಸಿರಿ. ಶುಲ್ಕದಲ್ಲಿಯೇ ಕಳೆದು ತೋರಿಸಿದರೆ ಆ ಬಿಲ್ಲು ಮುಂದೆ ಸುಸ್ತಿಯಾದಾಗ ಅದರ ಅಸಲು ಎಷ್ಟೆಂಬ ಪ್ರಶ್ನೆ ಮತ್ತೆ ಏಳುತ್ತದೆ.